ಲಾರಿ ತಡವಾಯ್ತು, ಡೆಮರೇಜ್ ಬಿತ್ತು: ಆ ದುಡ್ಡು ಕೊಡಬೇಕಾದವರು ಯಾರು?

(ಈ ವಾರದ ಆಡಿಯೊ ಸಂಚಿಕೆಯ ಬರಹ ರೂಪ. ಓದೋಕೆ ಸುಲಭವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಮಾಲೂರು, ನರಸಾಪುರ, ವೇಮಗಲ್ ಕಡೆ ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸ ಮಾಡೋ ಕೇಳುಗರಿಗೆ ಇವತ್ತಿನ ವಿಷಯ ಚೆನ್ನಾಗಿ ಗೊತ್ತಿರುತ್ತೆ. ಸ್ಟೋರ್ಸ್‌ನಲ್ಲೋ, ಡಿಸ್ಪ್ಯಾಚ್‌ನಲ್ಲೋ, ಅಕೌಂಟ್ಸ್‌ನಲ್ಲೋ ಇರೋರಿಗೆ ಇನ್ನೂ ಚೆನ್ನಾಗಿ. ಚೆನ್ನೈ ಬಂದರಿನಿಂದ ಕಂಟೇನರ್ ಬರಬೇಕಿತ್ತು. ಸಾಗಣೆ ಕಂಪನಿ "ನಾಡಿದ್ದು ಬೆಳಿಗ್ಗೆ ಗೇಟಲ್ಲಿರುತ್ತೆ ಸಾರ್" ಅಂತ ಹೇಳಿತ್ತು. ಬಂದಿದ್ದು ವಾರ ಬಿಟ್ಟು. ಅದಾದ ಸ್ವಲ್ಪ ದಿನಕ್ಕೆ ಹಡಗು ಕಂಪನಿಯಿಂದ ಒಂದು ಬಿಲ್ ಬಂತು. ಕಂಟೇನರ್ ವಾಪಸ್ ಕೊಡೋದು ತಡವಾಗಿದೆ, ದಿನಕ್ಕೆ ಇಷ್ಟರಂತೆ ಇಷ್ಟು ದಿನದ ದುಡ್ಡು ಕಟ್ಟಿ ಅಂತ. ತಡ ಮಾಡಿದ್ದು ಲಾರಿಯವರು, ಬಿಲ್ ಬಂದಿದ್ದು ಫ್ಯಾಕ್ಟರಿ ಹೆಸರಿಗೆ.

ಈ ದುಡ್ಡನ್ನ ಸಾಗಣೆ ಕಂಪನಿಯಿಂದ ವಸೂಲಿ ಮಾಡಬಹುದಾ? ಮಾಡಬಹುದಾದ್ರೆ ಎಷ್ಟು, ಹೇಗೆ, ಯಾವಾಗಿನ ಒಳಗೆ? ಒಂದು ಉದಾಹರಣೆ ಇಟ್ಟುಕೊಂಡು ಲೆಕ್ಕ ಹಾಕುತ್ತಾ ಹೋಗೋಣ. ಉದಾಹರಣೆಯ ಫ್ಯಾಕ್ಟರಿ ಮತ್ತು ಅಂಕಿಗಳು ಊಹೆಯವು, ಕಾನೂನು ಮಾತ್ರ ನಿಜದ್ದು.

ಮೊದಲು ಹೆಸರು ಸರಿಮಾಡಿಕೊಳ್ಳೋಣ

ನಮ್ಮಲ್ಲಿ ಎಲ್ಲದಕ್ಕೂ "ಡೆಮರೇಜ್" ಅಂತಾನೇ ಹೇಳ್ತೀವಿ. ಆದ್ರೆ ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ಖರ್ಚು ಅಡಗಿರುತ್ತೆ.

ಮೊದಲನೆಯದು, ತುಂಬಿದ ಕಂಟೇನರ್ ಬಂದರಿನಲ್ಲಿ ಅಥವಾ ಒಳನಾಡಿನ ಕಂಟೇನರ್ ಡಿಪೋದಲ್ಲಿ ಉಚಿತ ಅವಧಿ ಮೀರಿ ನಿಂತಿದ್ದಕ್ಕೆ ಬೀಳೋ ಶುಲ್ಕ. ಕಂಟೇನರ್ ವ್ಯವಹಾರದಲ್ಲಿ ಡೆಮರೇಜ್ ಅನ್ನೋದು ಸಾಮಾನ್ಯವಾಗಿ ಇದನ್ನೇ. ಎರಡನೆಯದು, ಕಂಟೇನರ್ ಹೊರಗೆ ಬಂದ ಮೇಲೆ ಖಾಲಿ ಮಾಡಿ ವಾಪಸ್ ಕೊಡೋದು ತಡವಾದ್ರೆ ಹಡಗು ಕಂಪನಿ ಹಾಕೋ ದಿನಬಾಡಿಗೆ. ಇದರ ಹೆಸರು ಡಿಟೆನ್ಷನ್. ಮೂರನೆಯದು, ಫ್ಯಾಕ್ಟರಿ ಗೇಟಿಗೆ ಬಂದ ಲಾರಿಯನ್ನ ಅನ್‌ಲೋಡ್ ಮಾಡದೆ ನಿಲ್ಲಿಸಿಕೊಂಡ್ರೆ ಲಾರಿಯವರು ಕೇಳೋ ಹಾಲ್ಟಿಂಗ್ ಚಾರ್ಜ್.

ಮೊದಲ ಎರಡನ್ನ ಫ್ಯಾಕ್ಟರಿ ಲಾರಿಯವರಿಂದ ಕೇಳಬಹುದು. ಮೂರನೆಯದನ್ನ ಲಾರಿಯವರು ಫ್ಯಾಕ್ಟರಿಯಿಂದ ಕೇಳ್ತಾರೆ. ಹಾಗಾಗಿ ನೋಟಿಸಿನಲ್ಲಿ ಬರೀ "ಡೆಮರೇಜ್ ಕೊಡಿ" ಅಂತ ಬರೆದ್ರೆ, ಎದುರಿನವರು ಕೇಳೋ ಮೊದಲ ಪ್ರಶ್ನೆಯೇ "ಯಾವ ಡೆಮರೇಜ್?" ಅನ್ನೋದು. ಬಿಲ್ಲಿನಲ್ಲಿ ಯಾವ ಹೆಸರಿದೆಯೋ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಂತಿದೆಯೋ, ಅದನ್ನೇ ಬರೀಬೇಕು.

ನಮ್ಮ ಉದಾಹರಣೆ

ಮಾಲೂರಿನಲ್ಲಿ ಒಂದು ಸಣ್ಣ ಫ್ಯಾಕ್ಟರಿ ಇದೆ ಅಂದುಕೊಳ್ಳಿ. ವಿದೇಶದಿಂದ ಯಂತ್ರದ ಬಿಡಿಭಾಗ ತರಿಸಿದೆ. ಸರಕಿನ ಬೆಲೆ 18 ಲಕ್ಷ ರೂಪಾಯಿ. ಚೆನ್ನೈನಿಂದ ಮಾಲೂರಿಗೆ ಸುಮಾರು 300 ಕಿಲೋಮೀಟರ್. ತುಂಬಿದ ಕಂಟೇನರ್ ತಂದು, ಖಾಲಿ ಕಂಟೇನರ್ ಚೆನ್ನೈಗೆ ವಾಪಸ್ ಮುಟ್ಟಿಸೋಕೆ ಬಾಡಿಗೆ 40,000 ರೂಪಾಯಿ.

ಬುಕಿಂಗ್ ಆಗಿದ್ದು ಜೂನ್ 2ಕ್ಕೆ. ಟ್ರೇಲರ್ ಲೋಡ್ ಆಗಿದ್ದು ಜೂನ್ 3ಕ್ಕೆ. ಜೂನ್ 5ಕ್ಕೆ ಮಾಲೂರು ಮುಟ್ಟಿಸ್ತೀವಿ ಅಂತ ಕಾಗದದಲ್ಲಿದೆ. ಖಾಲಿ ಕಂಟೇನರ್ ವಾಪಸ್ ಕೊಡೋಕೆ ಹಡಗು ಕಂಪನಿ ಜೂನ್ 10ರವರೆಗೆ ಉಚಿತ ಅವಧಿ ಕೊಟ್ಟಿದೆ. ಅದಾದ ಮೇಲೆ ದಿನಕ್ಕೆ 6,000 ರೂಪಾಯಿ.

ದಾರಿಯಲ್ಲಿ ಗಾಡಿ ಕೆಟ್ಟು ನಿಂತಿತು. ಸಾಗಣೆ ಕಂಪನಿ ಬೇರೆ ಗಾಡಿ ಕಳಿಸಲಿಲ್ಲ, ರಿಪೇರಿ ಆಗೋತನಕ ಕಾದರು. ಟ್ರೇಲರ್ ಫ್ಯಾಕ್ಟರಿಗೆ ಬಂದಿದ್ದು ಜೂನ್ 12ಕ್ಕೆ. ಅಂದ್ರೆ ಏಳು ದಿನ ತಡ. ಅವತ್ತು ಡಾಕ್ ಖಾಲಿ ಇರಲಿಲ್ಲ. ಮಾರನೇ ದಿನ ಮುಗಿಯಬೇಕಾದ ಅನ್‌ಲೋಡಿಂಗ್ ಜೂನ್ 14ಕ್ಕೆ ಮುಗಿಯಿತು. ಖಾಲಿ ಕಂಟೇನರ್ ಚೆನ್ನೈ ಯಾರ್ಡ್ ಸೇರಿದ್ದು ಜೂನ್ 16ಕ್ಕೆ. ಜೂನ್ 11ರಿಂದ 16ರವರೆಗೆ ಆರು ದಿನಕ್ಕೆ 36,000 ರೂಪಾಯಿ ಡಿಟೆನ್ಷನ್ ಬಿತ್ತು.

ಇದರ ಜೊತೆಗೆ, ಆ ಬಿಡಿಭಾಗ ಇಲ್ಲದೆ ಒಂದು ಯಂತ್ರ ಎರಡು ದಿನ ನಿಂತಿತ್ತು. ಫ್ಯಾಕ್ಟರಿಯವರ ಪ್ರಕಾರ ಅದರಿಂದ ಆದ ನಷ್ಟ ಒಂದೂವರೆ ಲಕ್ಷ. ಸರಿಯಾದ ಸಮಯಕ್ಕೆ ಮಾಲು ಕೊಡಲಾಗದೆ ಒಂದು ದೊಡ್ಡ ಆರ್ಡರ್ ಕೂಡ ಕೈತಪ್ಪಿತು.

ಈಗ ಪ್ರಶ್ನೆ: ಇದರಲ್ಲಿ ಯಾವುದನ್ನ ಕೇಳಬಹುದು?

1854ರ ಒಂದು ಹಿಟ್ಟಿನ ಗಿರಣಿ

ಇದಕ್ಕೆ ಉತ್ತರ ಕೊಟ್ಟ ಮೂಲ ಪ್ರಕರಣ ಇಂಗ್ಲೆಂಡಿನದು. ಗ್ಲಾಸ್ಟರ್ ಊರಿನಲ್ಲಿ ಹ್ಯಾಡ್ಲಿ ಅನ್ನೋರ ಗಿರಣಿ ಇತ್ತು, ಉಗಿ ಯಂತ್ರದಿಂದ ನಡೀತಿತ್ತು. 1853ರಲ್ಲಿ ಆ ಯಂತ್ರದ ಕ್ರ್ಯಾಂಕ್ ಶಾಫ್ಟ್ ಮುರಿದುಹೋಯ್ತು. ಹೊಸದನ್ನ ಮಾಡೋಕೆ ಹಳೇದನ್ನ ಮಾದರಿಯಾಗಿ ಗ್ರೀನಿಚ್‌ಗೆ ಕಳಿಸಬೇಕಿತ್ತು. ಪಿಕ್‌ಫರ್ಡ್ ಅನ್ನೋ ಸಾಗಣೆ ಸಂಸ್ಥೆಗೆ ಕೊಟ್ಟರು. ಅವರು ತಡ ಮಾಡಿದರು. ಗಿರಣಿ ಹೆಚ್ಚುವರಿಯಾಗಿ ಕೆಲವು ದಿನ ನಿಂತಿತು. ಆ ದಿನಗಳ ಲಾಭ ಕೊಡಿ ಅಂತ ಹ್ಯಾಡ್ಲಿ ಕೇಸು ಹಾಕಿದರು. ಇದೇ ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ ಪ್ರಕರಣ, ತೀರ್ಪು 1854ರದ್ದು.

ನ್ಯಾಯಾಲಯ ಹೇಳಿದ ಮಾತು ಸರಳ. ಕರಾರು ಮುರಿದಾಗ ಸಹಜವಾಗಿ ಆಗೋ ನಷ್ಟವನ್ನ ಕೊಡಬೇಕು. ವಿಶೇಷ ಕಾರಣದಿಂದ ಆಗೋ ನಷ್ಟವನ್ನ ಕೊಡಬೇಕಾದ್ರೆ, ಆ ವಿಶೇಷ ಕಾರಣ ಕರಾರು ಮಾಡಿಕೊಳ್ಳುವಾಗಲೇ ಇಬ್ಬರಿಗೂ ಗೊತ್ತಿರಬೇಕು. ಒಂದು ಶಾಫ್ಟ್ ಇಲ್ಲದಿದ್ರೆ ಇಡೀ ಗಿರಣಿ ನಿಲ್ಲುತ್ತೆ ಅಂತ ಸಾಗಣೆಯವರಿಗೆ ಹೇಗೆ ಗೊತ್ತಾಗಬೇಕು? ಗಿರಣಿಯ ಹತ್ತಿರ ಇನ್ನೊಂದು ಶಾಫ್ಟ್ ಇದ್ದಿರಬಹುದಲ್ಲ? ಹಾಗಾಗಿ ಆ ಲಾಭನಷ್ಟ ಅವರ ತಲೆಗೆ ಬರಲ್ಲ ಅಂತಾಯ್ತು.

ಭಾರತದ ಕರಾರು ಕಾಯ್ದೆ, 1872ರ ಕಲಂ 73 ಇದೇ ನಿಯಮವನ್ನ ಹೇಳುತ್ತೆ. ಆ ಕಲಂ ಕೆಳಗೆ ಕೊಟ್ಟಿರೋ ಉದಾಹರಣೆಗಳಲ್ಲಿ ಒಂದು ನಮ್ಮ ವಿಷಯಕ್ಕೇ ಬರೆದಂತಿದೆ. ಒಬ್ಬ ತನ್ನ ಗಿರಣಿಗೆ ಬೇಕಾದ ಯಂತ್ರವನ್ನ ಸಾಗಣೆದಾರನಿಗೆ ಕೊಡ್ತಾನೆ. ಇದಿಲ್ಲದೆ ಗಿರಣಿ ನಿಂತಿದೆ, ತಡಮಾಡಬೇಡ ಅಂತ ಹೇಳಿರ್ತಾನೆ. ಸಾಗಣೆದಾರ ತಡ ಮಾಡ್ತಾನೆ. ಇವನ ಕೈಯಿಂದ ಒಂದು ಸರ್ಕಾರಿ ಗುತ್ತಿಗೆ ತಪ್ಪಿಹೋಗುತ್ತೆ. ಆಗ ತಡವಾದ ದಿನಗಳಲ್ಲಿ ಗಿರಣಿ ನಡೆದಿದ್ರೆ ಬರ್ತಿದ್ದ ಸರಾಸರಿ ಲಾಭ ಸಿಗುತ್ತೆ, ಆದ್ರೆ ಸರ್ಕಾರಿ ಗುತ್ತಿಗೆ ತಪ್ಪಿದ ನಷ್ಟ ಸಿಗಲ್ಲ ಅಂತ ಕಾಯ್ದೆಯೇ ಹೇಳುತ್ತೆ.

ಇದನ್ನ ನಮ್ಮ ಮಾಲೂರು ಫ್ಯಾಕ್ಟರಿಗೆ ಹೊಂದಿಸಿ ನೋಡಿ. ಕಂಟೇನರ್ ತಡವಾದ್ರೆ ಡಿಟೆನ್ಷನ್ ಬೀಳುತ್ತೆ ಅನ್ನೋದು ಕಂಟೇನರ್ ಸಾಗಿಸೋ ಪ್ರತಿಯೊಬ್ಬರಿಗೂ ಗೊತ್ತಿರೋ ಸಂಗತಿ. ಅದು ಸಹಜ ನಷ್ಟ ಅಂತ ಧೈರ್ಯವಾಗಿ ವಾದ ಮಾಡಬಹುದು. ಯಂತ್ರ ನಿಂತ ಒಂದೂವರೆ ಲಕ್ಷ ಕೇಳಬೇಕಾದ್ರೆ, "ಈ ಭಾಗ ಬರದಿದ್ರೆ ಯಂತ್ರ ನಿಲ್ಲುತ್ತೆ" ಅಂತ ಬುಕಿಂಗ್ ಸಮಯದಲ್ಲೇ ತಿಳಿಸಿರಬೇಕು. ಲಾರಿ ಹೊರಟ ಮೇಲೆ, ತಡ ಆದ ಮೇಲೆ ಕಳಿಸಿದ ಸಿಟ್ಟಿನ ಮೆಸೇಜು ಇದಕ್ಕೆ ಸಾಲೋದಿಲ್ಲ. ಮತ್ತೆ ಆ ಒಂದೂವರೆ ಲಕ್ಷ ಲಾಭದ ಲೆಕ್ಕವೋ, ಒಟ್ಟು ಮಾರಾಟದ ಲೆಕ್ಕವೋ ನೋಡಬೇಕು. ಸಿಗೋದು ತಪ್ಪಿಹೋದ ಲಾಭ, ತಪ್ಪಿಹೋದ ವಹಿವಾಟು ಅಲ್ಲ. ಕೈತಪ್ಪಿದ ಆರ್ಡರಿನ ಆಸೆ ಬಿಟ್ಟುಬಿಡೋದೇ ವಾಸಿ.

ಆರು ದಿನವಾ, ಐದು ದಿನವಾ?

ಡಿಟೆನ್ಷನ್ ಬಿಲ್ ಆರು ದಿನದ್ದು. ಆದ್ರೆ ಅದರಲ್ಲಿ ಒಂದು ದಿನ ಫ್ಯಾಕ್ಟರಿ ಡಾಕ್ ಖಾಲಿ ಇಲ್ಲದ್ದರಿಂದ ಹೋಗಿದ್ದು. ಲಾರಿಯವರು ಇದನ್ನ ಖಂಡಿತ ಎತ್ತುತ್ತಾರೆ.

ಫ್ಯಾಕ್ಟರಿಯವರು ಹೀಗೂ ಹೇಳಬಹುದು: "ಲಾರಿ 5ನೇ ತಾರೀಖೇ ಬಂದಿದ್ರೆ, ನಾವು ಒಂದು ದಿನ ನಿಧಾನ ಮಾಡಿದ್ರೂ 9ನೇ ತಾರೀಖಿಗೆ ಖಾಲಿ ಕಂಟೇನರ್ ವಾಪಸ್ ಹೋಗ್ತಿತ್ತು. ಒಂದು ರೂಪಾಯಿ ಕೂಡ ಬೀಳ್ತಿರಲಿಲ್ಲ." ಮಾತು ನಿಜವೇ. ಆದ್ರೆ ಕಲಂ 73ರಲ್ಲಿ ಇನ್ನೊಂದು ವಿವರಣೆ ಇದೆ. ನಷ್ಟ ಅಂದಾಜು ಮಾಡುವಾಗ, ಅದನ್ನ ಕಡಿಮೆ ಮಾಡೋಕೆ ನಿಮ್ಮ ಕೈಯಲ್ಲಿ ಏನಿತ್ತು ಅನ್ನೋದನ್ನೂ ನೋಡಬೇಕು. ದಿನಕ್ಕೆ 6,000 ಓಡ್ತಾ ಇದೆ ಅಂತ ಗೊತ್ತಿದ್ದೂ ಡಾಕ್ ಖಾಲಿ ಮಾಡಿಕೊಡಲಿಲ್ಲ ಅಂದ್ರೆ ಆ ದಿನದ ಭಾರ ನಿಮ್ಮದೇ. ಹಾಗಾಗಿ ಮೊದಲೇ ಐದು ದಿನಕ್ಕೆ, ಅಂದ್ರೆ 30,000ಕ್ಕೆ ಕ್ಲೇಮ್ ಮಾಡಿದ್ರೆ ಅದು ಗಟ್ಟಿಯಾಗಿ ನಿಲ್ಲುತ್ತೆ. ಪೂರ್ತಿ 36,000 ಕೇಳಿ, ವಿಚಾರಣೆಯಲ್ಲಿ ಗೇಟ್ ರಿಜಿಸ್ಟರ್ ಹೊರಬಂದಾಗ ತಬ್ಬಿಬ್ಬಾಗೋದಕ್ಕಿಂತ ಅದು ಮೇಲು.

ಇನ್ನೊಂದು ಸಣ್ಣ ಸಂಗತಿ: ಹಡಗು ಕಂಪನಿ ಬಿಲ್ಲಿನ ಮೇಲೆ ಜಿಎಸ್‌ಟಿ ಇದ್ದು, ಫ್ಯಾಕ್ಟರಿ ಅದಕ್ಕೆ ಇನ್‌ಪುಟ್ ಕ್ರೆಡಿಟ್ ತಗೊಂಡಿದ್ರೆ, ಆ ತೆರಿಗೆಯನ್ನ ನಷ್ಟ ಅಂತ ಮತ್ತೆ ಕೇಳೋ ಹಾಗಿಲ್ಲ. ಅದು ವಾಪಸ್ ಬಂದಿದೆಯಲ್ಲ.

ಸಾಗಣೆ ಕಾಯ್ದೆ ಹಾಕಿರೋ ಮಿತಿ

ಇಲ್ಲೀತನಕ ಕರಾರು ಕಾಯ್ದೆ ಆಯ್ತು. ಲಾರಿ ಸಾಗಣೆಗೆ ಅಂತಲೇ ಇನ್ನೊಂದು ಕಾಯ್ದೆ ಇದೆ: ರಸ್ತೆ ಮೂಲಕ ಸಾಗಣೆ ಕಾಯ್ದೆ, 2007. ಜಾರಿಗೆ ಬಂದಿದ್ದು 2011ರ ಮಾರ್ಚ್ 1ರಿಂದ. ಅದಕ್ಕೂ ಮುಂಚೆ ಬ್ರಿಟಿಷರ ಕಾಲದ 1865ರ ಕಾಯ್ದೆ ನಡೀತಿತ್ತು.

ಹೊಸ ಕಾಯ್ದೆಯ ಪ್ರಕಾರ ಸರಕು ಕಳಿಸೋರು ಒಂದು ಗೂಡ್ಸ್ ಫಾರ್ವರ್ಡಿಂಗ್ ನೋಟ್ ಕೊಡಬೇಕು. ಅದರಲ್ಲಿ ಸರಕಿನ ಬೆಲೆ ಘೋಷಿಸಬೇಕು. ಸಾಗಣೆದಾರ ಗೂಡ್ಸ್ ರಿಸೀಟ್ ಕೊಡಬೇಕು. ನಾವು ಎಲ್‌ಆರ್ ಅಂತಲೋ ಬಿಲ್ಟಿ ಅಂತಲೋ ಕರೆಯೋದು ಇದನ್ನೇ.

ತಡದ ವಿಷಯ ಬರೋದು ಕಲಂ 10ರಲ್ಲಿ. ಇಷ್ಟು ದಿನದವರೆಗಿನ ತಡವನ್ನ ಒಪ್ಪಿಕೊಳ್ಳಬಹುದು ಅಂತ ಇಬ್ಬರೂ ಸೇರಿ ಆ ನೋಟ್‌ನಲ್ಲಿ ಒಂದು ಅವಧಿ ಬರೀಬಹುದು. ಸರಕು ಸಾಗಣೆದಾರನ ವಶದಲ್ಲಿದ್ದಾಗ ಆದ ತಡ ಆ ಅವಧಿಯ ಒಳಗಿದ್ರೆ, ಅವನ ಹೊಣೆ ಬಾಡಿಗೆಯಷ್ಟಕ್ಕೆ ಸೀಮಿತ. ಅವಧಿ ಮೀರಿದ್ರೆ ಮಿತಿ ಮೇಲಕ್ಕೆ ಹೋಗುತ್ತೆ. 2011ರ ನಿಯಮಗಳ ಪ್ರಕಾರ ಆಗ ಬಾಡಿಗೆಯ ಹತ್ತು ಪಟ್ಟು, ಆದ್ರೆ ಘೋಷಿಸಿದ ಸರಕಿನ ಬೆಲೆಗಿಂತ ಹೆಚ್ಚಿಲ್ಲ. ಇನ್ನೂ ಹೆಚ್ಚಿನ ರಕ್ಷಣೆ ಬೇಕಿದ್ರೆ ಮೊದಲೇ ಹೆಚ್ಚು ದರ ಕೊಟ್ಟು ಬುಕ್ ಮಾಡೋ ಅವಕಾಶ ಕಲಂ 11ರಲ್ಲಿದೆ.

ನಮ್ಮ ಉದಾಹರಣೆಯಲ್ಲಿ ನೋಟ್‌ನಲ್ಲಿ ಮೂರು ದಿನ ಅಂತ ಬರೆದಿದೆ ಅನ್ನಿ. ಲಾರಿ ಎರಡು ದಿನ ಮಾತ್ರ ತಡವಾಗಿದ್ರೆ, ನಷ್ಟ ಎಷ್ಟೇ ಇರಲಿ, ಗರಿಷ್ಠ 40,000. ಆದ್ರೆ ಏಳು ದಿನ ತಡವಾಗಿದೆ. ಹಾಗಾಗಿ ಮಿತಿ ನಾಲ್ಕು ಲಕ್ಷಕ್ಕೆ ಏರಿತು, ಸರಕಿನ ಬೆಲೆ 18 ಲಕ್ಷ ಇರೋದ್ರಿಂದ ಅದು ಅಡ್ಡಿಯಿಲ್ಲ. ಡಿಟೆನ್ಷನ್ 30,000, ಯಂತ್ರ ನಿಂತ ಲಾಭನಷ್ಟ ಒಂದೂವರೆ ಲಕ್ಷ, ಎರಡೂ ಸೇರಿ 1,80,000. ಮಿತಿಯ ಒಳಗೇ ಇದೆ. ಒಂದು ಎಚ್ಚರಿಕೆ: ನಾಲ್ಕು ಲಕ್ಷ ಅನ್ನೋದು ಮೇಲ್ಮಿತಿ, ಬಹುಮಾನ ಅಲ್ಲ. ನಿಜವಾಗಿ ಆದ, ಸಾಬೀತು ಮಾಡಿದ ನಷ್ಟಕ್ಕಷ್ಟೇ ದುಡ್ಡು.

ಸಾಗಣೆ ಕಂಪನಿಯ ವಕೀಲರು ಇಲ್ಲೊಂದು ವಾದ ಹೂಡಬಹುದು. "ಕಲಂ 10 ಮಾತಾಡೋದು ಸರಕಿಗೆ ಆಗೋ ನಷ್ಟದ ಬಗ್ಗೆ. ಸರಕು ಸುರಕ್ಷಿತವಾಗಿ ತಲುಪಿದೆ. ಹಡಗು ಕಂಪನಿಗೆ ನೀವು ಕಟ್ಟಿದ್ದು ಬೇರೆ ವಿಷಯ." ಅದಕ್ಕೇ ಅನುಭವ ಇರೋರು ಕ್ಲೇಮನ್ನ ಎರಡೂ ಕಾಯ್ದೆಗಳ ಮೇಲೆ ನಿಲ್ಲಿಸ್ತಾರೆ: ಸಾಗಣೆ ಕಾಯ್ದೆಯ ಕಲಂ 10, ಕರಾರು ಕಾಯ್ದೆಯ ಕಲಂ 73.

ಲೋಡ್ ಆಗೋಕೂ ಮುಂಚೆಯೇ ತಡವಾದ್ರೆ ಕಥೆ ಬೇರೆ. ಜೂನ್ 3ಕ್ಕೆ ಬರಬೇಕಾದ ಟ್ರೇಲರ್ 9ಕ್ಕೆ ಬಂದರಿನ ಗೇಟಿಗೆ ಬಂತು ಅನ್ನಿ. ಆ ಆರು ದಿನ ಸರಕು ಸಾಗಣೆದಾರನ ವಶಕ್ಕೇ ಬಂದಿರಲಿಲ್ಲ. ಆಗ ಬೀಳೋದು ಬಂದರಿನ ಡೆಮರೇಜ್. ಕೇಳಬೇಕಾದ್ದು ಕರಾರು ಮುರಿದ ಪರಿಹಾರ. ಇಂಥ ದಿನ ಗಾಡಿ ಕಳಿಸ್ತೀವಿ ಅಂತ ಅವರು ಬರವಣಿಗೆಯಲ್ಲಿ ಒಪ್ಪಿದ್ದು ಇಲ್ಲಿ ಎಲ್ಲಕ್ಕಿಂತ ಮುಖ್ಯ ಸಾಕ್ಷಿ.

"ಗಾಡಿ ಕೆಟ್ಟೋಯ್ತು ಸಾರ್, ನಾವೇನ್ ಮಾಡೋದು?"

ಈ ಉತ್ತರ ಸಾಲುತ್ತಾ? ಕಾಯ್ದೆಯ ಕಲಂ 17ರಲ್ಲಿ ಸಾಗಣೆದಾರ ಹೊಣೆಯಿಂದ ತಪ್ಪಿಸಿಕೊಳ್ಳಬಹುದಾದ ಕಾರಣಗಳ ಪಟ್ಟಿ ಇದೆ: ದೈವಿಕ ವಿಪತ್ತು, ಯುದ್ಧ, ಗಲಭೆ, ಕಾನೂನು ಪ್ರಕಾರ ಆದ ಜಪ್ತಿ, ಸರ್ಕಾರದ ನಿರ್ಬಂಧ. ಇಂಜಿನ್ ಕೆಡೋದು, ಟೈರ್ ಸಿಡಿಯೋದು, ಡ್ರೈವರ್ ಊರಿಗೆ ಹೋಗೋದು ಆ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿರೋ ಕಾರಣ ಇದ್ದಾಗಲೂ, ಸರಿಯಾದ ಎಚ್ಚರಿಕೆ ತಗೊಂಡಿದ್ರೆ ತಪ್ಪಿಸಬಹುದಿತ್ತು ಅಂತಾದ್ರೆ ಹೊಣೆ ಹೋಗಲ್ಲ. ಗಡಿಯಲ್ಲಿ ಗಲಭೆ ಆಗಿ ನಂಗಲಿ ದಾರಿ ಮುಚ್ಚಿದ್ರೆ ಅದು ಕಾರಣವೇ. ಆದ್ರೆ ಕೃಷ್ಣಗಿರಿ, ಹೊಸೂರು ಮೇಲೆ ಮಾಲೂರಿಗೆ ಬರೋ ದಾರಿ ತೆರೆದಿದ್ರೂ ನಾಲ್ಕು ದಿನ ಕಾದಿದ್ರೆ ಪ್ರಶ್ನೆ ಏಳುತ್ತೆ.

"ಅದು ನಮ್ಮ ಗಾಡಿ ಅಲ್ಲ, ಮಾರ್ಕೆಟ್ ಗಾಡಿ" ಅನ್ನೋ ಮಾತೂ ಬರುತ್ತೆ. ದೊಡ್ಡ ಕಂಪನಿಗಳು ಬುಕಿಂಗ್ ತಗೊಂಡು, ಒಂದೇ ಲಾರಿ ಇಟ್ಟುಕೊಂಡಿರೋ ಮಾಲೀಕರಿಗೆ ಕೆಲಸ ಕೊಡೋದು ಮಾಮೂಲಿ. ನಿಮ್ಮ ಕರಾರು ಎಲ್‌ಆರ್ ಕೊಟ್ಟವರ ಜೊತೆ. ಅವರು ಯಾರ ಗಾಡಿ ಹಾಕಿದರು ಅನ್ನೋದು ಅವರ ಒಳಗಿನ ವ್ಯವಹಾರ. ಗೇಟಿನಲ್ಲಿ ನಿಂತಿರೋ ಡ್ರೈವರ್‌ನ ಹಿಡಿದು ಡಿಟೆನ್ಷನ್ ಕೊಡು ಅಂತ ಗದರಿಸೋದ್ರಲ್ಲಿ ನ್ಯಾಯವೂ ಇಲ್ಲ, ಪ್ರಯೋಜನವೂ ಇಲ್ಲ.

ಇದೇ ಕಾರಣಕ್ಕೆ ಇನ್ನೊಂದನ್ನೂ ನೋಡಿಕೊಳ್ಳಿ: ಲಾರಿ ಗೊತ್ತು ಮಾಡಿದ್ದು ಫ್ಯಾಕ್ಟರಿಯಾ, ಕಸ್ಟಮ್ಸ್ ಏಜೆಂಟಾ? ಏಜೆಂಟ್ ತಮ್ಮ ಹೆಸರಲ್ಲಿ ಗೊತ್ತು ಮಾಡಿ, ತಮ್ಮ ಬಿಲ್ಲಿನಲ್ಲಿ ಬಾಡಿಗೆ ಸೇರಿಸಿದ್ರೆ, ಮೊದಲ ನೋಟಿಸ್ ಹೋಗಬೇಕಾದ ಬಾಗಿಲು ಬೇರೆ ಇರಬಹುದು.

ಸಾಕ್ಷಿ ನಿಮ್ಮ ಫೋನಿನಲ್ಲೇ ಇದೆ

ತಡ ಆಗಿದೆ ಅಂತ ಹೇಳಿದ್ರೆ ಸಾಲದು, ಯಾವ ದಿನ ಯಾರ ಕೈಯಲ್ಲಿ ಹೋಯ್ತು ಅಂತ ತೋರಿಸಬೇಕು. ಅದಕ್ಕೆ ಬೇಕಾದ ದಾಖಲೆಗಳು ತಾವಾಗಿಯೇ ಹುಟ್ಟಿರುತ್ತವೆ.

ಇ-ವೇ ಬಿಲ್ ತಗೊಳ್ಳಿ. ಸಾಮಾನ್ಯ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನದಂತೆ ಅದರ ಅವಧಿ. ಚೆನ್ನೈನಿಂದ ಮಾಲೂರಿನ 300 ಕಿಲೋಮೀಟರಿಗೆ ಎರಡು ದಿನ. ಲಾರಿ ಏಳು ದಿನ ತಡವಾದ್ರೆ ಅವಧಿ ವಿಸ್ತರಿಸಲೇಬೇಕು, ವಿಸ್ತರಿಸುವಾಗ ಕಾರಣ ಹಾಕಬೇಕು. ಗಾಡಿ ಬದಲಾದ್ರೆ ಹೊಸ ನಂಬರ್ ಹಾಕಬೇಕು. "ಗಾಡಿ ಕೆಟ್ಟಿದೆ" ಅಂತ ಅವರೇ ಅಲ್ಲಿ ನಮೂದಿಸಿದ್ರೆ, ಆಮೇಲೆ "ನಿಮ್ಮ ಗೇಟಲ್ಲೇ ನಿಂತಿತ್ತು" ಅನ್ನೋಕೆ ಆಗಲ್ಲ.

ಟೋಲ್ ದಾಟಿದ ಸಮಯ ಫಾಸ್ಟ್ಯಾಗ್ ಖಾತೆಯಲ್ಲಿರುತ್ತೆ. ಅದು ಗಾಡಿ ಮಾಲೀಕರ ಖಾತೆ, ನಿಮಗೆ ಸಿಗದಿದ್ರೆ ನೋಟಿಸಿನಲ್ಲೇ ಕೇಳಿ. ಫ್ಯಾಕ್ಟರಿ ಗೇಟ್ ರಿಜಿಸ್ಟರಿನಲ್ಲಿ ಗಾಡಿ ಒಳಬಂದ, ಹೊರಹೋದ ಗಳಿಗೆ ಇರುತ್ತೆ. ಖಾಲಿ ಕಂಟೇನರ್ ಯಾರ್ಡಿಗೆ ಒಪ್ಪಿಸಿದಾಗ ಕೊಡೋ ರಸೀದಿಯಲ್ಲಿ ವಾಪಸಾದ ದಿನ ಇರುತ್ತೆ. ಇವಿಷ್ಟನ್ನ ಸಾಲಾಗಿ ಜೋಡಿಸಿದ್ರೆ ಜೂನ್ 3ರಿಂದ 16ರವರೆಗಿನ ಒಂದೊಂದು ದಿನವೂ ತಾನೇ ಮಾತಾಡುತ್ತೆ.

ವಾಟ್ಸ್ಆ್ಯಪ್ ಮಾತುಕತೆ ಬಗ್ಗೆ ಒಂದು ಮಾತು. ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿ ಕೋರ್ಟಿಗೆ ಕೊಟ್ಟರೆ ಸಾಕಾಗಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಹಾಗಾಗಿ ಆ ಚಾಟ್ ಅಳಿಸಬೇಡಿ, ವಿವಾದ ಮುಗಿಯೋತನಕ ಆ ಫೋನನ್ನ ಎಕ್ಸ್‌ಚೇಂಜ್‌ಗೆ ಹಾಕಬೇಡಿ.

180 ದಿನ, ಮೂರು ವರ್ಷ

ಹೆಚ್ಚಿನ ಕ್ಲೇಮುಗಳು ಸೋಲೋದು ನ್ಯಾಯ ಇಲ್ಲದೆ ಅಲ್ಲ, ದಿನಾಂಕ ತಪ್ಪಿ. ಸಾಗಣೆ ಕಾಯ್ದೆಯ ಕಲಂ 16ರ ಪ್ರಕಾರ, ಸರಕಿನ ನಷ್ಟ ಅಥವಾ ಹಾನಿಗೆ ಸಾಗಣೆದಾರರ ಮೇಲೆ ಕೇಸು ಹಾಕೋಕೂ ಮುಂಚೆ ಲಿಖಿತ ನೋಟಿಸ್ ಮುಟ್ಟಿಸಿರಬೇಕು. ಬುಕಿಂಗ್ ಆದ ದಿನದಿಂದ 180 ದಿನದ ಒಳಗೆ ಅದು ಆಗಬೇಕು. ಲೆಕ್ಕ ಶುರುವಾಗೋದು ಬುಕಿಂಗ್ ದಿನದಿಂದ, ಸರಕು ತಲುಪಿದ ದಿನದಿಂದಲೂ ಅಲ್ಲ, ಹಡಗು ಕಂಪನಿ ಬಿಲ್ ಬಂದ ದಿನದಿಂದಲೂ ಅಲ್ಲ. ಜೂನ್ 2ರ ಬುಕಿಂಗಿಗೆ ಕೊನೆಯ ದಿನ ನವೆಂಬರ್ 29. ನಮ್ಮದು ಬರೀ ತಡದ ಕ್ಲೇಮ್, ಈ ಕಲಂ ಅನ್ವಯಿಸಲ್ಲ ಅಂತ ಆಮೇಲೆ ವಾದ ಮಾಡೋ ಬದಲು, ಆ ದಿನದ ಒಳಗೆ ನೋಟಿಸ್ ಕಳಿಸಿಬಿಟ್ಟರೆ ತಕರಾರೇ ಇರಲ್ಲ.

ನೋಟಿಸಿನಲ್ಲಿ ಎಲ್‌ಆರ್ ನಂಬರ್, ಬುಕಿಂಗ್ ತಾರೀಖು, ತಲುಪಬೇಕಿದ್ದ ದಿನ, ತಲುಪಿದ ದಿನ, ದಿನವಾರು ಡಿಟೆನ್ಷನ್ ಲೆಕ್ಕ, ಹಡಗು ಕಂಪನಿಯ ಬಿಲ್ಲು, ಅದನ್ನ ಕಟ್ಟಿದ ಪುರಾವೆ ಇರಲಿ. ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಜೊತೆಗೆ ಇಮೇಲ್ ಕೂಡ ಕಳಿಸಿ.

ಕೇಸು ಹಾಕೋಕೆ ಕಾಲಮಿತಿ ಮೂರು ವರ್ಷ. ಸರಕು ತಲುಪಬೇಕಿದ್ದ ದಿನದಿಂದ ಎಣಿಕೆ ಅಂತ 1963ರ ಕಾಲಮಿತಿ ಕಾಯ್ದೆಯ 11ನೇ ಅನುಚ್ಛೇದ ಹೇಳುತ್ತೆ. ನಮ್ಮ ಉದಾಹರಣೆಯಲ್ಲಿ ಜೂನ್ 5ರಿಂದ.

ಎಲ್ಲಿ ಕೇಳೋದು?

ಮೊದಲು ಗ್ರಾಹಕ ಆಯೋಗದ ನೆನಪು ಬರುತ್ತೆ. ಆದ್ರೆ ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ಗ್ರಾಹಕರ ವ್ಯಾಖ್ಯೆಯಿಂದ ಹೊರಗೆ. 2003ರ ಮಾರ್ಚ್ 15ರಿಂದ ಜಾರಿಯಾದ ತಿದ್ದುಪಡಿ ಹಾಗೆ ಮಾಡಿತು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಅದನ್ನೇ ಉಳಿಸಿಕೊಂಡಿದೆ. ಫ್ಯಾಕ್ಟರಿಯ ಸಾಗಣೆ ವಿವಾದಕ್ಕೆ ಆ ಬಾಗಿಲು ಸಾಮಾನ್ಯವಾಗಿ ಮುಚ್ಚಿದೆ.

ಉಳಿದಿದ್ದು ಸಿವಿಲ್ ನ್ಯಾಯಾಲಯ. ಸರಕು ಸಾಗಣೆಯ ವಿವಾದ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ, 2015ರ ಪಟ್ಟಿಯಲ್ಲಿದೆ. ಮೊತ್ತ 3 ಲಕ್ಷ ಅಥವಾ ಹೆಚ್ಚಿದ್ರೆ ವಾಣಿಜ್ಯ ನ್ಯಾಯಾಲಯ. ಅಲ್ಲಿ ತುರ್ತು ಆದೇಶ ಬೇಡದಿದ್ರೆ ದಾವೆಗೂ ಮುಂಚೆ ಮಧ್ಯಸ್ಥಿಕೆ ಕಡ್ಡಾಯ, ಸುಪ್ರೀಂ ಕೋರ್ಟ್ 2022ರಲ್ಲಿ ಇದನ್ನ ಖಚಿತಪಡಿಸಿದೆ. ನಮ್ಮ 1,80,000 ಆ ಗೆರೆಯ ಕೆಳಗಿದೆ, ಹಾಗಾಗಿ ಸಾಮಾನ್ಯ ಸಿವಿಲ್ ನ್ಯಾಯಾಲಯಕ್ಕೇ ಹೋಗುತ್ತೆ.

ಎಲ್‌ಆರ್ ಹಿಂದೆ ಸಣ್ಣ ಅಕ್ಷರದಲ್ಲಿ "ವಿವಾದ ಇದ್ದರೆ ಮುಂಬೈ ನ್ಯಾಯಾಲಯ ಮಾತ್ರ" ಅಂತ ಇದ್ರೆ? ಇದಕ್ಕೆ 1991ರ ಪಟೇಲ್ ರೋಡ್‌ವೇಸ್ ವಿರುದ್ಧ ಪ್ರಸಾದ್ ಟ್ರೇಡಿಂಗ್ ಕಂಪನಿ ತೀರ್ಪು ನೋಡಬೇಕು. ತಮಿಳುನಾಡಿನ ಬೋಡಿನಾಯಕನೂರಿನ ಶಾಖೆಯಲ್ಲಿ ದೆಹಲಿಗೆ ಬುಕ್ ಮಾಡಿದ ಏಲಕ್ಕಿ ಬೆಂಕಿಗೆ ಸಿಕ್ಕಿ ಹಾಳಾಗಿತ್ತು. ಕಂಪನಿ ಬಾಂಬೆ ಷರತ್ತು ತೋರಿಸಿತು. ವ್ಯವಹಾರ ನಡೆದ ಜಾಗದಲ್ಲೇ ಕಂಪನಿಗೆ ಶಾಖೆ ಇದ್ದಾಗ, ಪ್ರಧಾನ ಕಚೇರಿ ಬಾಂಬೆಯಲ್ಲಿದೆ ಅನ್ನೋ ಒಂದೇ ಕಾರಣಕ್ಕೆ ಅಲ್ಲಿನ ನ್ಯಾಯಾಲಯಕ್ಕೆ ಅಧಿಕಾರ ಬರಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಕಾನೂನು ಕೊಡದ ಅಧಿಕಾರವನ್ನ ಕರಾರಿನ ಒಂದು ಸಾಲು ಕೊಡೋಕಾಗಲ್ಲ. ಆದ್ರೆ ಪ್ರಕರಣದ ಒಂದು ಭಾಗ ನಿಜವಾಗಿಯೂ ಆ ಊರಲ್ಲಿ ನಡೆದಿದ್ರೆ ಷರತ್ತು ನಿಲ್ಲಬಹುದು. ಚೆನ್ನೈನಲ್ಲಿ ಬುಕ್ ಆಗಿ ಮಾಲೂರಿಗೆ ಬಂದ ಸರಕಿಗೆ "ಚೆನ್ನೈ ಮಾತ್ರ" ಅನ್ನೋ ಷರತ್ತು ಇದ್ರೆ ಅದನ್ನ ಹಗುರವಾಗಿ ತಗೊಳ್ಳಬೇಡಿ.

30,000ಕ್ಕಾಗಿ ಯಾರಾದ್ರೂ ಕೋರ್ಟಿಗೆ ಹೋಗ್ತಾರಾ? ಹೆಚ್ಚಿನವರು ಬಾಡಿಗೆ ಬಿಲ್ಲಿನಲ್ಲೇ ಹಿಡ್ಕೊಂಡು ಡೆಬಿಟ್ ನೋಟ್ ಕಳಿಸ್ತಾರೆ. ಹಾಗೆ ಹಿಡ್ಕೊಳ್ಳಬಹುದು ಅಂತ ಕರಾರಿನಲ್ಲಿ ಇದ್ರೆ ಸರಿ. ಇಲ್ಲದಿದ್ರೆ ಡೆಬಿಟ್ ನೋಟ್ ನಿಮ್ಮ ಬೇಡಿಕೆ ಅಷ್ಟೇ, ತೀರ್ಪಲ್ಲ. ಪೂರ್ತಿ ಬಾಡಿಗೆ ಕೊಡಿ ಅಂತ ಅವರೂ ನಿಮ್ಮ ಮೇಲೆ ಕೇಸು ಹಾಕಬಹುದು. ದಿನವಾರು ಲೆಕ್ಕ ಮುಂದಿಟ್ಟು, ನಮ್ಮ ಒಂದು ದಿನ ನಾವೇ ಬಿಟ್ಟಿದ್ದೀವಿ ಅಂತ ತೋರಿಸಿದ್ರೆ ಹೆಚ್ಚಿನ ಸಲ ಮಾತುಕತೆಯಲ್ಲೇ ಬಗೆಹರಿಯುತ್ತೆ. ಆಗದಿದ್ರೆ ಲೋಕ ಅದಾಲತ್ ಇದೆ.

ಲಾರಿಯವರ ಕಡೆಯಿಂದಲೂ ನೋಡಿ

ಕೊನೆಯದಾಗಿ ಶ್ರೀನಿವಾಸಪುರದ ಕಡೆ ತಿರುಗೋಣ. ಮಾವಿನ ಸೀಸನ್ನಿನಲ್ಲಿ ಹಣ್ಣು ತುಂಬಿದ ಲಾರಿಗಳು ತಿರುಳು ತೆಗೆಯೋ ಫ್ಯಾಕ್ಟರಿಗಳ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ. ಲಾರಿ ಸಮಯಕ್ಕೆ ಬಂದಿದೆ, ಒಳಗೆ ಬಿಡೋದು ತಡ. ಹಣ್ಣು ಬಿಸಿಲಿಗೆ ಮೆತ್ತಗಾದ್ರೆ ತಪ್ಪು ಯಾರದು? ತಡ ಸರಕು ಪಡೆಯೋರ ತಪ್ಪಿನಿಂದ ಆಯ್ತು ಅಂತ ಸಾಗಣೆದಾರ ಸಾಬೀತು ಮಾಡಿದ್ರೆ ಅವನಿಗೆ ಹೊಣೆ ಇಲ್ಲ ಅಂತ ಅದೇ ಕಲಂ 10 ಹೇಳುತ್ತೆ. ಮುಳಬಾಗಿಲಿನಲ್ಲೋ ಕೋಲಾರದಲ್ಲೋ ಸಾಲ ಮಾಡಿ ಒಂದು ಲಾರಿ ತಗೊಂಡಿರೋ ಮಾಲೀಕರಿಗೆ ನಿಂತ ಪ್ರತಿ ದಿನವೂ ಕಂತಿನ ದಿನವೇ. ಗೇಟಿಗೆ ಬಂದ ತಕ್ಷಣ ಟೋಕನ್ ತಗೊಳ್ಳೋದು, ಎಲ್‌ಆರ್ ಮೇಲೆ ಬಂದ ಗಳಿಗೆ ಬರೆಸಿ ಸಹಿ ಹಾಕಿಸಿಕೊಳ್ಳೋದು ಅವರನ್ನ ಉಳಿಸುತ್ತೆ. ಸಹಿ ಹಾಕಲ್ಲ ಅಂದ್ರೆ ಗೇಟಿನ ಫೋಟೊ ತೆಗೆದು, ಸಾಗಣೆ ಕಂಪನಿಗೂ ಫ್ಯಾಕ್ಟರಿಗೂ ಅದೇ ಗಳಿಗೆಯಲ್ಲಿ ಕಳಿಸಲಿ.

ಮುಂದಿನ ಸಲ ಕಂಟೇನರ್ ಬುಕ್ ಮಾಡುವಾಗ ಮೂರು ಸಾಲು ಬರೆದು ಕಳಿಸಿ: ಇಂಥ ದಿನ ತಲುಪಬೇಕು. ಉಚಿತ ಅವಧಿ ಇಂಥ ದಿನ ಮುಗಿಯುತ್ತೆ, ಆಮೇಲೆ ದಿನಕ್ಕೆ ಇಷ್ಟು ಬೀಳುತ್ತೆ. ಈ ಸರಕು ಬರದಿದ್ರೆ ನಮ್ಮ ಇಂಥ ಯಂತ್ರ ನಿಲ್ಲುತ್ತೆ. ಅದಕ್ಕೆ ಸಾಗಣೆ ಕಂಪನಿಯಿಂದ "ಸರಿ" ಅಂತ ಉತ್ತರ ಬರಿಸಿಕೊಂಡು, ಆಮೇಲೆ ಗಾಡಿ ಲೋಡ್ ಮಾಡಿಸಿ.